ಮಾರ್ಚ್ ಕೊನೆಗೆ ನಷ್ಟ ಬುಕ್ ಮಾಡುವುದು: ಎಷ್ಟು ಷೇರು ಮಾರಬೇಕು, ಯಾವಾಗ ವಾಪಸ್ ಕೊಳ್ಳಬೇಕು?

ಕಿರಣ, ಕೋಥರೂಡ್ · 20 ಮಾರ್ಚ್ 2026, ಬೆಳಿಗ್ಗೆ 9:10

ಎಲ್ಲರಿಗೂ ಯುಗಾದಿಯ ಶುಭಾಶಯ. ಈ ಆರ್ಥಿಕ ವರ್ಷದಲ್ಲಿ, ಕೊಂಡ 12 ತಿಂಗಳೊಳಗೆ ಷೇರು ಮಾರಿ ₹1,80,000 ಶಾರ್ಟ್ ಟರ್ಮ್ ಲಾಭ ಬಂದಿದೆ. 12 ತಿಂಗಳು ದಾಟಿದ ಈಕ್ವಿಟಿ ಫಂಡ್ ಒಂದನ್ನು ಬಿಡಿಸಿದ್ದರಿಂದ ₹2,10,000 ಲಾಂಗ್ ಟರ್ಮ್ ಲಾಭ. ಎರಡೂ ಬುಕ್ ಆಗಿಹೋಗಿವೆ. ನಷ್ಟದಲ್ಲಿರುವ ಮೂರು ಹೂಡಿಕೆಗಳಿವೆ. ಹೆಸರು ಬೇಡ, ಅ, ಆ, ಇ ಅಂತ ಕರೆಯುತ್ತೇನೆ.

ಅ: 400 ಷೇರು. 150 ಷೇರು ಜೂನ್ 2023ರಲ್ಲಿ ₹900ರಂತೆ, 250 ಷೇರು ಸೆಪ್ಟೆಂಬರ್ 2025ರಲ್ಲಿ ₹1,400ರಂತೆ. ಈಗಿನ ಬೆಲೆ ₹1,050.
ಆ: 600 ಷೇರು, ಜನವರಿ 2024ರಲ್ಲಿ ₹520ರಂತೆ. ಈಗ ₹400.
ಇ: ಒಂದು ಸೆಕ್ಟರ್ ಫಂಡ್, ಜುಲೈ 2025ರಲ್ಲಿ ಒಂದೇ ಗಂಟಿನಲ್ಲಿ ₹3,00,000. ಈಗ ₹2,58,000. ವರ್ಷದೊಳಗೆ ಬಿಡಿಸಿದರೆ ಶೇ. 1 ಎಕ್ಸಿಟ್ ಲೋಡ್ ಅಂತ ಹಿಡಿಯುತ್ತಾರೆ.

ಮೂರನ್ನೂ ಮುಂದೆ ಇಟ್ಟುಕೊಳ್ಳುವ ಇರಾದೆಯಿದೆ. ನಷ್ಟದಲ್ಲಿರುವುದನ್ನು ಮಾರಿ, ಆ ನಷ್ಟವನ್ನು ಲಾಭದಿಂದ ಕಳೆದು ತೆರಿಗೆ ಇಳಿಸಬೇಕು ಅಂತಿದ್ದೇನೆ. ನನ್ನ ಯೋಚನೆ: ಅ ಕಂಪನಿಯ ದುಬಾರಿ 250 ಷೇರು ಮಾರಿದರೆ ₹87,500 ನಷ್ಟ ಸಿಗುತ್ತದೆ, ಅದನ್ನು ತಕ್ಷಣ ವಾಪಸ್ ಕೊಳ್ಳುವುದು. ಆ, ಇ ಕೂಡ ಹಾಗೇ. ಸರಿಯಿದೆಯಾ?

ಶೆಟ್ಟಿ, ಡೊಂಬಿವಲಿ · 9:42

ಸರಿ ಉಂಟು ಕಿರಣ್. ಅಮೆರಿಕದಲ್ಲಿ ಮಾರಿದ 30 ದಿನದೊಳಗೆ ಅದೇ ಷೇರು ಕೊಂಡರೆ ನಷ್ಟ ಒಪ್ಪುವುದಿಲ್ಲ, ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಮಾರಿ, ಹತ್ತೂ ಐದಕ್ಕೆ ಅದೇ ಬೆಲೆಗೆ ವಾಪಸ್ ತಗೊಳ್ಳಿ. ಬೆಲೆಯ ರಿಸ್ಕೂ ಇಲ್ಲ. ಆದರೆ ಮೂರು ತಿಂಗಳೊಳಗೆ ಡಿವಿಡೆಂಡ್ ಬಂದಿದ್ದರೆ ಅಷ್ಟು ನಷ್ಟ ಕಟ್ ಮಾಡುತ್ತಾರೆ, ಅದನ್ನು ಮಾತ್ರ ನೋಡಿಕೊಳ್ಳಿ.

ಶ್ರೀಪಾದ, ಚಿಂಚವಡ · 10:20

ಶೆಟ್ರೇ, ಕಾನೂನಿನ ಮಾತು ಸರಿ. ಆದರೆ ಹತ್ತಕ್ಕೆ ಮಾರಿ ಹತ್ತೂ ಐದಕ್ಕೆ ಕೊಂಡರೆ ಇಡೀ ಕೆಲಸವೇ ಕೆಡುತ್ತದೆ. ಬ್ರೋಕರ್ ಬ್ಯಾಕ್ ಆಫೀಸಿನಲ್ಲಿ ಪ್ರತಿ ಮಾರ್ಚ್‌ನಲ್ಲೂ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಒಂದೇ ದಿನ, ಒಂದೇ ಖಾತೆಯಲ್ಲಿ, ಒಂದೇ ಷೇರನ್ನು 400 ಮಾರಿ 400 ಕೊಂಡರೆ ದಿನದ ಕೊನೆಗೆ ನಿಮ್ಮ ಡೆಲಿವರಿ ಲೆಕ್ಕ ಸೊನ್ನೆ. ಡಿಮ್ಯಾಟ್‌ನಿಂದ ಒಂದು ಷೇರೂ ಹೊರಗೆ ಹೋಗುವುದಿಲ್ಲ, ಒಳಗೂ ಬರುವುದಿಲ್ಲ. ಆ ವ್ಯವಹಾರ ಇಂಟ್ರಾಡೇ ಆಗಿ ನಿಲ್ಲುತ್ತದೆ. ಅಂದರೆ ಹತ್ತು ಗಂಟೆಯ ಬೆಲೆಗೂ ಹತ್ತೂ ಐದರ ಬೆಲೆಗೂ ಇರುವ ವ್ಯತ್ಯಾಸ ಮಾತ್ರ ಸ್ಪೆಕ್ಯುಲೇಶನ್ ಲಾಭ ಅಥವಾ ನಷ್ಟ. ಸೆಪ್ಟೆಂಬರ್‌ನಲ್ಲಿ ₹1,400ಕ್ಕೆ ಕೊಂಡ ಷೇರು ಅದೇ ಬೆಲೆಗೆ ಖಾತೆಯಲ್ಲೇ ಕೂತಿರುತ್ತದೆ. ನಷ್ಟ ಬುಕ್ ಆಗಲೇ ಇಲ್ಲ, ಬ್ರೋಕರೇಜ್ ಮಾತ್ರ ಹೋಯಿತು.

ಇದು ಗೊತ್ತಾಗುವುದು ಹೇಗೆ ಅಂದರೆ, ಮಾರನೇ ದಿನ ಹೋಲ್ಡಿಂಗ್ಸ್ ತೆರೆದು ಸರಾಸರಿ ಬೆಲೆ ನೋಡಿ. ಅದು ಬದಲಾಗದೆ ಹಳೆಯದೇ ಇದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ. ಆ ದಿನದ ಡಿಪಿ ಚಾರ್ಜೂ ಬಿದ್ದಿರುವುದಿಲ್ಲ, ಏಕೆಂದರೆ ಡೆಬಿಟ್ಟೇ ಆಗಿರುವುದಿಲ್ಲ. ಇದನ್ನು ಜುಲೈನಲ್ಲಿ ರಿಟರ್ನ್ ಹಾಕುವಾಗ ನೋಡಿದರೆ ಏನೂ ಮಾಡುವಂತಿಲ್ಲ.

ಹಾಗಾಗಿ ಮಾರುವುದು ಒಂದು ದಿನ, ಕೊಳ್ಳುವುದು ಅದರ ಮುಂದಿನ ವಹಿವಾಟಿನ ದಿನ.

ಶೆಟ್ಟಿ, ಡೊಂಬಿವಲಿ · 10:31

ಎನ್‌ಎಸ್‌ಇಯಲ್ಲಿ ಮಾರಿ ಬಿಎಸ್‌ಇಯಲ್ಲಿ ಕೊಂಡರೆ? ಮೊದಲೆಲ್ಲ ಹಾಗೆ ಮಾಡುತ್ತಿದ್ದರಲ್ಲ.

ಶ್ರೀಪಾದ, ಚಿಂಚವಡ · 10:44

ಎರಡು ಎಕ್ಸ್‌ಚೇಂಜಿನ ಕ್ಲಿಯರಿಂಗ್ ಬೇರೆ ಬೇರೆ ಇದ್ದಾಗ ನಡೆಯುತ್ತಿತ್ತು. 2019ರಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್‌ಗಳ ಇಂಟರ್‌ಆಪರೆಬಿಲಿಟಿ ಬಂದ ಮೇಲೆ ಎರಡೂ ಕಡೆಯ ವ್ಯವಹಾರ ಒಟ್ಟಿಗೆ ನೆಟ್ ಆಗುತ್ತದೆ. ಅದನ್ನು ನಂಬಬೇಡಿ. ಅದೇ ದಿನ ಕೊಳ್ಳಲೇಬೇಕು ಅಂದರೆ ನಿಮ್ಮದೇ ಹೆಸರಿನ ಇನ್ನೊಂದು ಬ್ರೋಕರ್ ಖಾತೆಯಲ್ಲಿ ಕೊಳ್ಳಿ. ಇಲ್ಲಿಂದ ಷೇರು ನಿಜವಾಗಿ ಹೊರಗೆ ಹೋಗುತ್ತದೆ, ಅಲ್ಲಿಗೆ ಬೇರೆ ಷೇರು ನಿಜವಾಗಿ ಒಳಗೆ ಬರುತ್ತದೆ.

ಸುಮಿತ್ರಾ, ಮಾಟುಂಗ · 11:35

ಶ್ರೀಪಾದ್ ಹೇಳಿದ್ದಕ್ಕೆ ನನ್ನದೂ ಸಹಮತ. ತೆರಿಗೆಯ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ.

ಶೆಟ್ರ ಡಿವಿಡೆಂಡ್ ಮಾತು ಹಳೆಯದು. ಆ ನಿಯಮ ಅನ್ವಯಿಸುವುದು ಡಿವಿಡೆಂಡ್‌ಗೆ ತೆರಿಗೆ ವಿನಾಯಿತಿ ಇದ್ದರೆ ಮಾತ್ರ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಮ್ಮ ಕೈಯಲ್ಲೇ ತೆರಿಗೆಗೆ ಒಳಪಡುತ್ತದೆ, ಆದ್ದರಿಂದ ಅದರ ಹಲ್ಲು ಹೋಗಿದೆ. ಈಗ ಹುಷಾರಾಗಿರಬೇಕಾದ್ದು ಬೋನಸ್ ಷೇರಿನ ವಿಷಯದಲ್ಲಿ. ರೆಕಾರ್ಡ್ ದಿನಾಂಕಕ್ಕೆ ಮುಂಚಿನ ಮೂರು ತಿಂಗಳಲ್ಲಿ ಕೊಂಡು, ಬೋನಸ್ ಪಡೆದು, ಆಮೇಲಿನ ಒಂಬತ್ತು ತಿಂಗಳೊಳಗೆ ಬೋನಸ್ ಇಟ್ಟುಕೊಂಡು ಮೂಲ ಷೇರನ್ನು ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬೋನಸ್ ಷೇರಿನ ಖರೀದಿ ಬೆಲೆಯಾಗುತ್ತದೆ. ಮೊದಲು ಇದು ಫಂಡ್ ಯೂನಿಟ್‌ಗಳಿಗೆ ಮಾತ್ರ ಇತ್ತು, 2022ರ ಹಣಕಾಸು ಕಾಯ್ದೆ ಷೇರಿಗೂ ತಂದಿತು. ಕಿರಣ್ ಅವರೇ, ಅ ಕಂಪನಿ ಸೆಪ್ಟೆಂಬರ್ ನಂತರ ಬೋನಸ್ ಕೊಟ್ಟಿದೆಯೇ ಎಂದು ನೋಡಿಕೊಳ್ಳಿ.

ಇನ್ನು ನಿಮ್ಮ ₹87,500. 250 ಷೇರು ಮಾರಿದರೆ ಅಷ್ಟು ನಷ್ಟ ಬರುವುದಿಲ್ಲ. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ, ಆಯ್ಕೆ ನಮ್ಮದಲ್ಲ. 250 ಮಾರಿದರೆ ಮೊದಲು 2023ರ 150 ಷೇರು ಹೋಗಿ ₹22,500 ಲಾಂಗ್ ಟರ್ಮ್ ಲಾಭ ಸೇರುತ್ತದೆ. ಸೆಪ್ಟೆಂಬರಿನದರಲ್ಲಿ ಹೋಗುವುದು 100 ಮಾತ್ರ, ನಷ್ಟ ₹35,000. ಪೂರ್ತಿ ₹87,500 ಬೇಕಿದ್ದರೆ 400 ಷೇರನ್ನೂ ಮಾರಬೇಕು, ₹22,500 ಲಾಭವನ್ನೂ ಒಪ್ಪಿಕೊಳ್ಳಬೇಕು.

ಕಿರಣ, ಕೋಥರೂಡ್ · 11:50

ಮೇಡಂ, ಆ್ಯಪ್‌ನಲ್ಲಿ ಸರಾಸರಿ ₹1,212.50 ಅಂತ ತೋರಿಸುತ್ತದೆ. ಅದರ ಮೇಲೆ ಲೆಕ್ಕ ಹಾಕಿದರೆ ಆಗುವುದಿಲ್ಲವೇ?

ಸುಮಿತ್ರಾ, ಮಾಟುಂಗ · 12:05

ಆಗುವುದಿಲ್ಲ. ಆ ಸರಾಸರಿ ನಿಮ್ಮ ತಿಳಿವಳಿಕೆಗೆ ಮಾತ್ರ. ಅದರ ಮೇಲೆ ಹಾಕಿದರೆ 400 ಷೇರಿಗೆ ₹65,000 ನಷ್ಟ ಅಂತ ಒಂದೇ ಅಂಕಿ ಸಿಗುತ್ತದೆ. ಆದರೆ ಕಾಯ್ದೆಯ ಕಣ್ಣಿಗೆ ಅದು ₹22,500 ಲಾಂಗ್ ಟರ್ಮ್ ಲಾಭ ಮತ್ತು ₹87,500 ಶಾರ್ಟ್ ಟರ್ಮ್ ನಷ್ಟ. ಎರಡರ ತೆರಿಗೆ ದರ ಬೇರೆ. ಹೋಲ್ಡಿಂಗ್ಸ್‌ನಲ್ಲಿ ಷೇರಿನ ಮೇಲೆ ಒತ್ತಿದರೆ ಖರೀದಿವಾರು ವಿವರ ಬರುತ್ತದೆ, ಅದನ್ನು ಹಿಡಿದು ಲೆಕ್ಕ ಹಾಕಿ.

ಬಸವರಾಜ, ವಾಸ್ಕೋ · 12:40

ನಮಸ್ಕಾರ್ರಿ ಎಲ್ಲಾರಿಗೂ. ನಂದೂ ಇದ ಪ್ರಶ್ನೆ ಐತ್ರಿ. ಫಂಡಿಂದ ಲಾಂಗ್ ಟರ್ಮ್ ಲಾಭ ₹90,000 ಬಂದೈತಿ, ಬ್ಯಾರೆ ಏನೂ ಇಲ್ಲ. ಒಂದ್ ಬ್ಯಾಂಕ್ ಷೇರಿನ್ಯಾಗ ₹70,000 ಲಾಂಗ್ ಟರ್ಮ್ ಲಾಸ್ ಐತಿ. ಅದನ್ನ ಮಾರಿ ಟ್ಯಾಕ್ಸ್ ಉಳಿಸ್ಕೋಬೇಕಂತ ಮಾಡೀನಿ. ಉಳದದ್ದನ್ನ ಪಗಾರದಾಗ ಕಳೀಬಹುದೇನ್ರಿ?

ಸುಮಿತ್ರಾ, ಮಾಟುಂಗ · 13:15

ಬಸವರಾಜ್ ಅವರೇ, ದಯವಿಟ್ಟು ಮಾರಬೇಡಿ. ನಿಮಗೆ ಉಳಿಸಲು ತೆರಿಗೆಯೇ ಇಲ್ಲ. ಲಿಸ್ಟೆಡ್ ಷೇರು ಮತ್ತು ಈಕ್ವಿಟಿ ಫಂಡಿನ ಲಾಂಗ್ ಟರ್ಮ್ ಲಾಭ ವರ್ಷಕ್ಕೆ ₹1,25,000 ದಾಟುವ ತನಕ ಸೊನ್ನೆ ತೆರಿಗೆ.

ಈಗ ಮಾರಿದರೆ ಆ ₹70,000 ನಷ್ಟ ದಂಡವಾಗುತ್ತದೆ. ಮೊದಲು ಲಾಭದಿಂದ ನಷ್ಟ ಕಳೆಯಬೇಕು, ಉಳಿದದ್ದಕ್ಕೆ ₹1,25,000 ವಿನಾಯಿತಿ. ಈ ಕ್ರಮ ತಿರುಗಿಸಲು ಬರುವುದಿಲ್ಲ. 90,000 ಕಳೆ 70,000, ಉಳಿದದ್ದು 20,000, ತೆರಿಗೆ ಸೊನ್ನೆ. ಮಾರದಿದ್ದರೂ ಸೊನ್ನೆಯೇ. ಮುಂದಿನ ವರ್ಷಗಳಿಗೆ ಉಪಯೋಗಕ್ಕೆ ಬರಬಹುದಾಗಿದ್ದ ನಷ್ಟವನ್ನು ಸುಮ್ಮನೆ ಸುಟ್ಟಂತಾಯಿತು. ಪಗಾರದಲ್ಲಿ ಕಳೆಯಲು ಬರುವುದೇ ಇಲ್ಲ, ಬಂಡವಾಳ ನಷ್ಟ ಬಂಡವಾಳ ಲಾಭಕ್ಕೆ ಮಾತ್ರ.

ನೀವು ಮಾಡಬೇಕಾದ್ದು ಇದರ ತಿರುಗುಮುರುಗು. ವಿನಾಯಿತಿಯಲ್ಲಿ ಇನ್ನೂ ₹35,000 ಬಾಕಿ ಇದೆ. ವರ್ಷ ದಾಟಿದ, ಲಾಭದಲ್ಲಿರುವ ಯೂನಿಟ್ ಇದ್ದರೆ ಅಷ್ಟು ಲಾಭ ಬುಕ್ ಮಾಡಿ ಮತ್ತೆ ಕೊಂಡುಕೊಳ್ಳಿ, ಖರೀದಿ ಬೆಲೆ ಮೇಲಕ್ಕೇರುತ್ತದೆ.

ಬಸವರಾಜ, ವಾಸ್ಕೋ · 13:30

ಛಲೋ ಹೇಳಿದ್ರಿ ಅಕ್ಕಾರ. ಇನ್ನೊಂದ್ ಕೇಳ್ತೀನ್ರಿ. ನನ್ನ ಹೆಂಡತಿ ಮಡಗಾಂವದಾಕಿ. ಗೋವಾದಾಗ ಗಂಡ ಹೆಂಡತಿ ಅರ್ಧಾ ಅರ್ಧಾ ತೋರಿಸ್ತಾರಂತ. ನಾನೂ ಹಂಗ ಮಾಡಿದ್ರ ವಿನಾಯಿತಿ ಎರಡು ಪಟ್ಟು ಆಗ್ತೈತಲ್ರಿ?

ಸುಮಿತ್ರಾ, ಮಾಟುಂಗ · 13:52

ಆ ನಿಯಮ ನಿಜ, 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 5ಎ. ಪೋರ್ಚುಗೀಸ್ ಸಿವಿಲ್ ಕೋಡಿನ ಆಸ್ತಿ ಸಮುದಾಯಕ್ಕೆ ಒಳಪಟ್ಟ ದಂಪತಿಗೆ ಸಂಬಳ ಬಿಟ್ಟು ಉಳಿದ ಆದಾಯ, ಬಂಡವಾಳ ಲಾಭವೂ ಸೇರಿ, ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ರಿಟರ್ನ್‌ನಲ್ಲಿ ಅದಕ್ಕೆ ಬೇರೆ ಶೆಡ್ಯೂಲೇ ಇದೆ. ಆದರೆ ವಾಸ್ಕೋದಲ್ಲಿ ಮನೆ ಮಾಡಿದ ಮಾತ್ರಕ್ಕೆ ಬೆಳಗಾವಿಯ ಕಡೆಯವರಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮದುವೆ ಯಾವ ಕಾನೂನಿನಡಿ, ಎಲ್ಲಿ ನೋಂದಣಿಯಾಯಿತು ಎಂಬುದರ ಮೇಲೆ ಹೋಗುತ್ತದೆ. ಆ ಕಾಗದ ಹಿಡಿದು ಗೋವಾದ ತೆರಿಗೆ ಸಲಹೆಗಾರರನ್ನೇ ಕೇಳಿ, ಇಲ್ಲಿ ಕೂತು ಹೇಳುವ ಮಾತಲ್ಲ.

ಕಿರಣ, ಕೋಥರೂಡ್ · 14:20

ಹಾಗಾದರೆ ನನ್ನ ಮಟ್ಟಿಗೆ ಎಷ್ಟು ನಷ್ಟ ಬುಕ್ ಮಾಡಿದರೆ ಸಾಕು? ‘ಆ’ ಕಂಪನಿಯದು ಲಾಂಗ್ ಟರ್ಮ್ ನಷ್ಟ, ಅದನ್ನು ಶಾರ್ಟ್ ಟರ್ಮ್ ಲಾಭಕ್ಕೆ ಕಳೆದರೆ ಶೇ. 20 ಉಳಿಯುತ್ತದಲ್ಲವೇ?

ಸುಮಿತ್ರಾ, ಮಾಟುಂಗ · 15:25

ಲಾಂಗ್ ಟರ್ಮ್ ನಷ್ಟ ಲಾಂಗ್ ಟರ್ಮ್ ಲಾಭಕ್ಕೆ ಮಾತ್ರ. ಶಾರ್ಟ್ ಟರ್ಮ್ ನಷ್ಟ ಎರಡಕ್ಕೂ ಆಗುತ್ತದೆ. ನಿಮ್ಮ ಲೆಕ್ಕವನ್ನೇ ಪೂರ್ತಿ ಹಾಕೋಣ.

ಏನೂ ಮಾಡದಿದ್ದರೆ: ಶಾರ್ಟ್ ಟರ್ಮ್ 1,80,000ಕ್ಕೆ ಶೇ. 20ರಂತೆ ₹36,000. ಲಾಂಗ್ ಟರ್ಮ್ 2,10,000ದಲ್ಲಿ ವಿನಾಯಿತಿ ಕಳೆದು 85,000ಕ್ಕೆ ಶೇ. 12.5ರಂತೆ ₹10,625. ಶೇ. 4 ಸೆಸ್ ಸೇರಿ ಒಟ್ಟು ₹48,490.

ಅ ಕಂಪನಿಯ 400 ಷೇರು ಮಾರಿದರೆ ಶಾರ್ಟ್ ಟರ್ಮ್ ಲಾಭದಿಂದ 87,500 ಇಳಿಯುತ್ತದೆ, ಸೆಸ್ ಸೇರಿ ₹18,200 ಉಳಿತಾಯ. ಲಾಂಗ್ ಟರ್ಮ್ ಲಾಭಕ್ಕೆ 22,500 ಸೇರುವುದರಿಂದ ₹2,925 ಹೆಚ್ಚು. ನಿವ್ವಳ ಉಳಿತಾಯ ₹15,275.

ಇ ಫಂಡ್ ಬಿಡಿಸಿದರೆ ಲೋಡ್ ₹2,580 ಹಿಡಿದುಕೊಂಡು ₹2,55,420 ಬರುತ್ತದೆ. ಅಂದರೆ ಶಾರ್ಟ್ ಟರ್ಮ್ ನಷ್ಟ ₹44,580, ತೆರಿಗೆ ಉಳಿತಾಯ ₹9,273. ಲೋಡ್ ಕಳೆದರೆ ಕೈಯಲ್ಲಿ ಉಳಿಯುವುದು ₹6,693. ಲೋಡ್ ತಪ್ಪಿಸಲು ಜುಲೈ ತನಕ ಕಾಯೋಣ ಅಂದರೆ, ಒಂದು, ಆ ನಷ್ಟ ಮುಂದಿನ ವರ್ಷದ್ದಾಗುತ್ತದೆ, ಎರಡು, 12 ತಿಂಗಳು ದಾಟಿ ಲಾಂಗ್ ಟರ್ಮ್ ಆಗಿಬಿಡುತ್ತದೆ. ಈ ವರ್ಷದ ಶೇ. 20ರ ಲಾಭಕ್ಕೆ ಅದು ಸಿಗುವುದಿಲ್ಲ. ಹಾಗಾಗಿ ಇಲ್ಲಿ ಲೋಡ್ ತೆತ್ತರೂ ಲಾಭವೇ.

ಇವೆರಡೂ ಆದ ಮೇಲೆ ಶಾರ್ಟ್ ಟರ್ಮ್ ಲಾಭ 47,920 ಉಳಿಯುತ್ತದೆ. ಲಾಂಗ್ ಟರ್ಮ್ 2,32,500. ಇದರಲ್ಲಿ 1,25,000 ಮುಟ್ಟುವ ಹಾಗಿಲ್ಲ, ಆದ್ದರಿಂದ ಲಾಂಗ್ ಟರ್ಮ್ ನಷ್ಟಕ್ಕೆ ಇರುವ ಜಾಗ ₹1,07,500. ‘ಆ’ ಕಂಪನಿಯ ನಷ್ಟ 600 ಗುಣಿಸು 120, ₹72,000. ಪೂರ್ತಿ ಹಿಡಿಸುತ್ತದೆ, ಉಳಿತಾಯ ₹9,360. ಅದೇ ನಿಮ್ಮಲ್ಲಿ 1,500 ಷೇರು ಇದ್ದಿದ್ದರೆ 896ಕ್ಕೆ ನಿಲ್ಲಿಸಿ ಅನ್ನುತ್ತಿದ್ದೆ. ಅದರ ಮೇಲೆ ಮಾರಿದ ಪ್ರತಿ ಷೇರಿನ ನಷ್ಟವೂ ವಿನಾಯಿತಿಯನ್ನು ತಿನ್ನುತ್ತದೆ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ.

ಮೂರೂ ಮಾಡಿದರೆ ಕಟ್ಟಬೇಕಾದ ತೆರಿಗೆ ಸುಮಾರು ₹14,582.

ಒಂದು ಮಾತು ನೆನಪಿಡಿ. ‘ಆ’ ಕಂಪನಿಯಲ್ಲಿ ಉಳಿಯುವ ₹9,360 ಬಹುಪಾಲು ಮುಂದೂಡಿಕೆ. ಈಗ ₹400ಕ್ಕೆ ವಾಪಸ್ ಕೊಂಡರೆ ಖರೀದಿ ಬೆಲೆ 520ರಿಂದ 400ಕ್ಕೆ ಇಳಿಯಿತು. ಮುಂದೆ ಮಾರುವಾಗ ಷೇರಿಗೆ 120ರಷ್ಟು ಹೆಚ್ಚು ಲಾಭ ತೋರಿಸಬೇಕು, ಅದೇ ಶೇ. 12.5ಕ್ಕೆ. ಆ ವರ್ಷದ ₹1,25,000ದೊಳಗೆ ಅದನ್ನು ಅಡಗಿಸಿದರೆ ಮಾತ್ರ ನಿಜವಾದ ಉಳಿತಾಯ. ಅ ಕಂಪನಿಯ ಕಥೆ ಬೇರೆ. ಈಗ ಶೇ. 20 ಉಳಿಸಿ, ಮುಂದೆ ವರ್ಷ ದಾಟಿಸಿ ಮಾರಿದರೆ ಶೇ. 12.5 ಕೊಡುತ್ತೀರಿ. ಸಮಯ ಕಡಿಮೆಯಿದ್ದು ಒಂದನ್ನೇ ಮಾಡುವುದಾದರೆ ಅ ಮಾಡಿ.

ಕಿರಣ, ಕೋಥರೂಡ್ · 15:58

ತುಂಬಾ ಉಪಕಾರ ಮೇಡಂ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅ ಕಂಪನಿ ಬೋನಸ್ ಕೊಟ್ಟಿಲ್ಲ, ನೋಡಿದೆ. ಕೊನೆಯ ದಿನ 31 ಅಲ್ಲವೇ?

ಶ್ರೀಪಾದ, ಚಿಂಚವಡ · 16:30

31 ಮಹಾವೀರ ಜಯಂತಿ, ಮಾರುಕಟ್ಟೆ ಇರುವುದಿಲ್ಲ. ಕೊನೆಯ ವಹಿವಾಟು ಸೋಮವಾರ 30ಕ್ಕೆ. 26 ರಾಮನವಮಿ, ಅಂದೂ ರಜೆ.

30ರಂದು ಮಾರಿದರೆ ಸೆಟಲ್‌ಮೆಂಟ್ ಏಪ್ರಿಲ್‌ಗೆ ಹೋಗುತ್ತದೆ. ಕಾನೂನಿನಲ್ಲಿ ಕಾಂಟ್ರಾಕ್ಟ್ ನೋಟಿನ ದಿನಾಂಕವೇ ಮಾರಿದ ದಿನಾಂಕ, 1995ರ ಸುತ್ತೋಲೆ 704 ಅದನ್ನು ಹೇಳುತ್ತದೆ, ಹಾಗಾಗಿ ಅದು ಈ ವರ್ಷದ್ದೇ. ಆದರೆ ಡಿಪಾಸಿಟರಿ ಕಳಿಸುವ ಮಾಹಿತಿಯಲ್ಲಿ ಡೆಬಿಟ್ ಆದ ದಿನಾಂಕ ಏಪ್ರಿಲ್ ಅಂತ ಬಂದರೆ ತೆರಿಗೆ ಇಲಾಖೆಯ ದಾಖಲೆಯಾದ ಎಐಎಸ್‌ನಲ್ಲಿ ಬೇರೆ ವರ್ಷಕ್ಕೆ ಬೀಳಬಹುದು, ಆಮೇಲೆ ಉತ್ತರ ಕೊಡುತ್ತಾ ಕೂರಬೇಕು. 27ರ ಶುಕ್ರವಾರದೊಳಗೆ ಮಾರಿದರೆ ಈ ತಂಟೆ ಇಲ್ಲ.

ನಾನು ಹೇಳುವ ಕ್ರಮ: ಮಂಗಳವಾರ 24ಕ್ಕೆ ಅ 400, ಆ 600 ಮಾರಿ. ಬುಧವಾರ 25ಕ್ಕೆ ಅಷ್ಟನ್ನೇ ಕೊಳ್ಳಿ. ಒಂದು ರಾತ್ರಿಯ ಏರಿಳಿತದ ರಿಸ್ಕ್ ಇದ್ದೇ ಇರುತ್ತದೆ. ಅ ಕಂಪನಿಯ ಮೊತ್ತ ₹4,20,000, ಬೆಲೆ ಶೇ. 1 ಏರಿದರೂ ₹4,200 ಹೋಯಿತು. ಖರ್ಚು ಅದರ ಮುಂದೆ ಚಿಕ್ಕದು: ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ ಮಾರುವಾಗ ₹420, ಕೊಳ್ಳುವಾಗ ₹420, ಸ್ಟಾಂಪ್ ಡ್ಯೂಟಿ ₹63, ಜೊತೆಗೆ ಬ್ರೋಕರೇಜ್, ಡಿಪಿ ಚಾರ್ಜ್. ಎಸ್‌ಟಿಟಿಯನ್ನು ಲಾಭ ನಷ್ಟದ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ.

ಕೈಯಲ್ಲಿ ದುಡ್ಡಿದ್ದರೆ ಉಲ್ಟಾ ಮಾಡಿ. ಮೊದಲು 400 ಕೊಂಡು, ಮುಂದಿನ ವಹಿವಾಟಿನ ದಿನ 400 ಮಾರಿ. ಹಳೆಯವೇ ಮೊದಲು ಹೋಗುತ್ತವೆ, ಹೊಸವು ಉಳಿಯುತ್ತವೆ. ಆ ಒಂದು ರಾತ್ರಿ ನಿಮ್ಮ ಹತ್ತಿರ 800 ಷೇರು ಇರುತ್ತದೆ, ಬೆಲೆ ಬಿದ್ದರೆ ಆ ಕಡೆಯ ರಿಸ್ಕ್.

ಅನಿತಾ, ಹಿಂಜೆವಾಡಿ · 18:05

ಎಲ್ಲ ಓದುತ್ತಾ ಬಂದೆ. ನನ್ನದು ಸ್ವಲ್ಪ ಬೇರೆ. ನವೆಂಬರ್‌ನ ಇನ್ಫೋಸಿಸ್ ಬೈಬ್ಯಾಕ್‌ನಲ್ಲಿ ನನ್ನ 40 ಷೇರು ₹1,800ರಂತೆ ಹೋದವು. 2023ರಲ್ಲಿ ₹1,400ರಂತೆ ಕೊಂಡದ್ದು. ₹16,000 ಲಾಭ ಅಂತ ಬರೆದುಕೊಂಡಿದ್ದೇನೆ. ಇದಲ್ಲದೆ ಫಂಡಿನಿಂದ ₹1,10,000 ಲಾಂಗ್ ಟರ್ಮ್ ಲಾಭ. ಒಟ್ಟು ₹1,26,000, ವಿನಾಯಿತಿಗಿಂತ ಸಾವಿರ ಹೆಚ್ಚು. ಸ್ವಲ್ಪ ನಷ್ಟ ಬುಕ್ ಮಾಡಲೇ?

ಸುಮಿತ್ರಾ, ಮಾಟುಂಗ · 18:50

ಅನಿತಾ, ಆ ₹16,000 ಅಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 1ರಿಂದ 2026ರ ಮಾರ್ಚ್ 31ರ ತನಕ ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಹಣ ಡಿವಿಡೆಂಡ್. ನಿಮ್ಮ ₹72,000 ನಿಮ್ಮ ಸ್ಲ್ಯಾಬ್ ದರಕ್ಕೆ ಬರುತ್ತದೆ, ಶೇ. 10 ಟಿಡಿಎಸ್ ಆಗಲೇ ಹಿಡಿದಿರುತ್ತಾರೆ, 26ಎಎಸ್‌ನಲ್ಲಿ ನೋಡಿ. ಬಂಡವಾಳ ಲಾಭದ ಲೆಕ್ಕದಲ್ಲಿ ಮಾರಿದ ಬೆಲೆ ಸೊನ್ನೆ ಎಂದು ಹಿಡಿಯುತ್ತಾರೆ, ಆದ್ದರಿಂದ ಕೊಂಡ ₹56,000 ಪೂರ್ತಿ ಲಾಂಗ್ ಟರ್ಮ್ ನಷ್ಟ.

ಹಾಗಾಗಿ ನಿಮ್ಮ ಲಾಂಗ್ ಟರ್ಮ್ ಲಾಭ 1,10,000 ಕಳೆ 56,000, ಅಂದರೆ ₹54,000. ಬಸವರಾಜ್ ಅವರಿಗೆ ಹೇಳಿದ್ದೇ ನಿಮಗೂ: ನಷ್ಟ ತಾನಾಗಿಯೇ ವಿನಾಯಿತಿಯ ಜಾಗ ತಿಂದಿದೆ, ಇನ್ನಷ್ಟು ನಷ್ಟ ಬೇಡ. ₹71,000 ಲಾಂಗ್ ಟರ್ಮ್ ಲಾಭ ಬುಕ್ ಮಾಡಿಕೊಳ್ಳಲು ನಿಮಗೆ ಅವಕಾಶವಿದೆ, ಅದಕ್ಕೆ ತೆರಿಗೆ ಬೀಳುವುದಿಲ್ಲ.

ಬೇರೆ ಬೇರೆ ಬೆಲೆಗೆ ಕೊಂಡಿದ್ದರೆ ಬೈಬ್ಯಾಕ್‌ಗೆ ಹೋದ 40 ಕೂಡ ಅತಿ ಹಳೆಯ 40, ಅದನ್ನು ಒಮ್ಮೆ ಪರೀಕ್ಷಿಸಿ. ಕೆಲವು ಬ್ರೋಕರ್‌ಗಳ ಟ್ಯಾಕ್ಸ್ ವರದಿಯಲ್ಲಿ ಬೈಬ್ಯಾಕ್ ಸಾಮಾನ್ಯ ಮಾರಾಟದಂತೆ ಬರುತ್ತದೆ, ಅಥವಾ ಬರುವುದೇ ಇಲ್ಲ. ನೀವೇ ತಿದ್ದಿಕೊಳ್ಳಬೇಕಾಗುತ್ತದೆ.

ಅನಿತಾ, ಹಿಂಜೆವಾಡಿ · 19:04

ಅಯ್ಯೋ, 2021ರ ಷೇರೂ ಇದ್ದವು, ಕಂಪನಿಯಿಂದ ಬಂದದ್ದಲ್ಲ, ನಾನೇ ಕೊಂಡದ್ದು. ಹಾಗಾದರೆ ₹1,400 ಅಲ್ಲ. ಕಾಂಟ್ರಾಕ್ಟ್ ನೋಟ್ ಹುಡುಕುತ್ತೇನೆ. ಥ್ಯಾಂಕ್ಸ್ ಮೇಡಂ.

ಶೆಟ್ಟಿ, ಡೊಂಬಿವಲಿ · 19:20

ಫಂಡ್‌ಗೂ ಮಾರನೇ ದಿನದ ಕಟ್ಟಳೆ ಉಂಟಾ?

ಶ್ರೀಪಾದ, ಚಿಂಚವಡ · 19:48

ಇಲ್ಲ ಶೆಟ್ರೇ. ಫಂಡಿನಲ್ಲಿ ಬಿಡಿಸುವುದು, ಕೊಳ್ಳುವುದು ಎರಡೂ ಫಂಡ್ ನಡೆಸುವ ಎಎಂಸಿ ಜೊತೆ ನೇರ ವ್ಯವಹಾರ, ನೆಟ್ ಮಾಡುವವರೇ ಇಲ್ಲ. ಒಂದೇ ದಿನ ಎರಡೂ ಮಾಡಬಹುದು. ಮಧ್ಯಾಹ್ನ 3 ಗಂಟೆಯೊಳಗೆ ಹಾಕಿದರೆ ಅಂದಿನ ಯೂನಿಟ್ ಬೆಲೆ, ಅಂದರೆ ಎನ್‌ಎವಿ. ತೊಂದರೆ ಏನಂದರೆ ಬಿಡಿಸಿದ ದುಡ್ಡು ಬರಲು ಎರಡು ಮೂರು ಕೆಲಸದ ದಿನ ಬೇಕು, ಅಷ್ಟರೊಳಗೆ ಕೊಳ್ಳಬೇಕಾದರೆ ಬೇರೆ ದುಡ್ಡು ಇರಬೇಕು. ಕೊಳ್ಳುವಾಗ ಎನ್‌ಎವಿ ಸಿಗುವುದು ದುಡ್ಡು ಫಂಡಿಗೆ ತಲುಪಿದ ದಿನದ್ದು.

ಕಿರಣ್ ಅವರ ಫಂಡ್ ಏಜೆಂಟರ ಮೂಲಕ ಕೊಂಡ ರೆಗ್ಯುಲರ್ ಪ್ಲಾನ್ ಆಗಿದ್ದರೆ, ಅದೇ ಸ್ಕೀಮಿನ ಡೈರೆಕ್ಟ್ ಪ್ಲಾನ್‌ಗೆ ಸ್ವಿಚ್ ಹಾಕಿಬಿಡಿ. ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟವೇ, ನಷ್ಟ ಬುಕ್ ಆಗುತ್ತದೆ. ದುಡ್ಡು ಬ್ಯಾಂಕಿಗೆ ಬಂದು ಹೋಗುವ ಗೊಡವೆಯಿಲ್ಲ, ಒಳಗಿನ ಷೇರುಗಳೂ ಅವೇ. ಲೋಡ್ ಬೀಳುತ್ತದೆಯೇ ಎಂದು ಸ್ಕೀಮಿನ ದಾಖಲೆಯಲ್ಲಿ ನೋಡಿ, ಏಜೆಂಟರ ಮೂಲಕ ಬಂದ ಯೂನಿಟ್‌ಗೆ ಸಾಮಾನ್ಯವಾಗಿ ಬೀಳುತ್ತದೆ. ಎಸ್‌ಐಪಿಯಲ್ಲಿ ಕಟ್ಟುವವರು ನೆನಪಿಡಬೇಕಾದ್ದು, ಪ್ರತಿ ಕಂತಿಗೂ ಅದರದೇ ವಯಸ್ಸು, ಹಳೆಯ ಕಂತು ಮೊದಲು ಹೋಗುತ್ತದೆ. ಒಟ್ಟು ಫಂಡ್ ನಷ್ಟದಲ್ಲಿ ಕಂಡರೂ ಮೊದಲ ಕಂತುಗಳು ಲಾಭದಲ್ಲಿರಬಹುದು.

ಕಿರಣ, ಕೋಥರೂಡ್ · 20:15

ರೆಗ್ಯುಲರ್ ಪ್ಲಾನೇ. ಸ್ವಿಚ್ ಮಾಡುತ್ತೇನೆ. ಇನ್ನೊಂದು ಅನುಮಾನ. ಅ ಕಂಪನಿಯ 2023ರ 150 ಷೇರು ಮಾರಲು ಮನಸ್ಸಿಲ್ಲ, ವಾಪಸ್ ಕೊಂಡರೆ ಅವುಗಳ ವಯಸ್ಸು ಮತ್ತೆ ಸೊನ್ನೆಯಿಂದ ಶುರು. ನನಗೆ ಇನ್ನೊಂದು ಡಿಮ್ಯಾಟ್ ಇದೆ. 150 ಷೇರನ್ನು ಮೊದಲು ಅಲ್ಲಿಗೆ ಕಳಿಸಿ, ಇಲ್ಲಿ ಉಳಿದ 250 ಮಾರಿದರೆ?

ಶ್ರೀಪಾದ, ಚಿಂಚವಡ · 20:37

ಮಾಡಬಹುದು. 1998ರ ಸುತ್ತೋಲೆ 768ರ ಪ್ರಕಾರ ಮೊದಲು ಬಂದದ್ದು ಮೊದಲು ಹೋಗುವ ಲೆಕ್ಕ ಖಾತೆವಾರು. 150 ಕಳಿಸಿದರೆ ಹಳೆಯ 150 ಹೋಯಿತು. ಇಲ್ಲಿ ಉಳಿದದ್ದು ಸೆಪ್ಟೆಂಬರಿನ 250. ನಿಮ್ಮದೇ ಹೆಸರಿಗೆ ಹೋದದ್ದರಿಂದ ಮಾರಾಟ ಅಲ್ಲ, ಡಿಪಿ ಚಾರ್ಜ್ ಮಾತ್ರ. ಹೊಸ ಖಾತೆಯಲ್ಲಿ ಖರೀದಿ ದಿನಾಂಕ, ಬೆಲೆ ನೀವೇ ತುಂಬಬೇಕು, ಇಲ್ಲದಿದ್ದರೆ ಸೊನ್ನೆ ಅಥವಾ ಕಳಿಸಿದ ದಿನದ ಬೆಲೆ ತೋರಿಸುತ್ತದೆ.

ಸುಮಿತ್ರಾ, ಮಾಟುಂಗ · 21:10

ಇಲ್ಲಿ ನಾನು ಅಷ್ಟು ನಿಶ್ಚಿಂತೆಯಿಂದ ಹೂಂ ಅನ್ನುವುದಿಲ್ಲ. ಖಾತೆವಾರು ಲೆಕ್ಕ ಸರಿ, ಶ್ರೀಪಾದ್. ಆದರೆ ಮಾರ್ಚ್ 23ಕ್ಕೆ 150 ಕಳಿಸಿ, 24ಕ್ಕೆ 250 ಮಾರಿ, 25ಕ್ಕೆ 250 ಕೊಂಡರೆ, ಕಳಿಸಿದ್ದರ ಉದ್ದೇಶ ತೆರಿಗೆ ಬಿಟ್ಟು ಬೇರೇನಿತ್ತು ಎಂದು ಅಧಿಕಾರಿ ಕೇಳಬಹುದು. ತೆರಿಗೆ ಲಾಭ ₹3 ಕೋಟಿ ದಾಟದವರಿಗೆ, ತೆರಿಗೆ ತಪ್ಪಿಸಲೆಂದೇ ಮಾಡಿದ ವ್ಯವಹಾರವನ್ನು ತಡೆಯುವ ಗಾರ್ ನಿಯಮ ಬರುವುದಿಲ್ಲ ಎಂಬುದು ನಿಜ. ಆದರೂ ಪ್ರಶ್ನೆ ಬರಬಾರದೆಂದೇನಿಲ್ಲ. ಮತ್ತೆ ಇದರಿಂದ ಉಳಿಯುವುದು ₹2,925, ಅದೂ ಮುಂದೂಡಿಕೆ. 150 ಷೇರಿನ ಬೆಲೆ 900ರಿಂದ 1,050ಕ್ಕೆ ಏರುವ ಅನುಕೂಲವನ್ನೂ ಬಿಟ್ಟುಕೊಡುತ್ತೀರಿ.

ಶ್ರೀಪಾದ, ಚಿಂಚವಡ · 21:26

ಮೇಡಂ, ಅವರಿಗೆ ₹2,925ಕ್ಕಿಂತ ವಯಸ್ಸಿನ ಚಿಂತೆ. ಡಿಸೆಂಬರ್‌ನಲ್ಲಿ ಬೆಲೆ ಏರಿ ಆ 150 ಮಾರಬೇಕಾಗಿ ಬಂದರೆ ಶೇ. 12.5ರ ಬದಲು ಶೇ. 20 ಕೊಡಬೇಕು. ಸುತ್ತೋಲೆ ಸ್ಪಷ್ಟವಾಗಿದೆ, ನಾನಾದರೆ ಕಳಿಸುತ್ತೇನೆ.

ಸುಮಿತ್ರಾ, ಮಾಟುಂಗ · 21:41

ವರ್ಷದೊಳಗೆ ಮಾರುವ ಸಂಭವ ನಿಜವಾಗಿ ಇದ್ದರೆ ನಿಮ್ಮ ವಾದಕ್ಕೆ ತೂಕವಿದೆ. ಇಲ್ಲದಿದ್ದರೆ 400 ಮಾರಿ 400 ಕೊಳ್ಳುವುದೇ ನನ್ನ ಸಲಹೆ. ಕಿರಣ್, ಕಳಿಸುವುದೇ ಆದರೆ 150 ಹೊಸ ಖಾತೆಯಲ್ಲಿ ಬಂದು ಕೂತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಇಲ್ಲಿ ಮಾರಿ. ವರ್ಗಾವಣೆ ತಿರಸ್ಕೃತವಾಗಿ ಷೇರು ಇಲ್ಲೇ ಉಳಿದಿದ್ದರೆ ನೀವು ಮಾರುವ 250ರಲ್ಲಿ ಮೊದಲು ಹೋಗುವುದು ಅದೇ 150.

ಕಿರಣ, ಕೋಥರೂಡ್ · 22:02

ಎರಡನೇ ಡಿಮ್ಯಾಟ್‌ನಲ್ಲಿ ನಾಮಿನಿ, ಕೆವೈಸಿ ಬಾಕಿ ಇದೆ ಅಂತ ತೋರಿಸುತ್ತಿದೆ. ಸೋಮವಾರದೊಳಗೆ ಅದು ಸರಿಯಾದರೆ ಕಳಿಸುವುದರ ಬಗ್ಗೆ ಯೋಚಿಸುತ್ತೇನೆ, ಇಲ್ಲದಿದ್ದರೆ ಮಂಗಳವಾರ 400 ಮಾರುತ್ತೇನೆ.